ತಡವಾಗಿ ಸೇರಿದವರಿಗೆ ಬಡ್ಡಿ ಎಷ್ಟು?

ಅಕ್ಕಾ, ಆರು ತಿಂಗಳು ತಡವಾಗಿ ಸೇರಿದವರಿಗೂ ಸಮಪಾಲು ಕೊಟ್ಟದ್ದೇ ನಿಮ್ಮ ಸಂಘದ ಜಗಳಕ್ಕೆ ಮೂಲ. ಯಾರ ಹಣ ಎಷ್ಟು ತಿಂಗಳು ದುಡಿಯಿತೆಂದು ನೋಡಿ. ತಿಂಗಳಿಗೆ 100 ರೂಪಾಯಿ ಉಳಿಸಿದವರ ಮೊದಲ ನೂರು 12 ತಿಂಗಳು, ಮುಂದಿನದು 11, ಕೊನೆಯದು ಒಂದೇ ತಿಂಗಳು ದುಡಿಯುತ್ತದೆ. ನೂರನ್ನು ಆಯಾ ತಿಂಗಳಿಂದ ಗುಣಿಸಿ ಕೂಡಿದರೆ 7,800. ತಡವಾಗಿ ಬಂದವರದು 2,100. ಒಂಬತ್ತು ಹಳಬರು, ಒಬ್ಬರು ಹೊಸಬರು ಸೇರಿ 72,300. ಖರ್ಚು ಕಳೆದು ಬಡ್ಡಿ 7,230 ಉಳಿದಿದ್ದರೆ ಹಳಬರಿಗೆ ತಲಾ 780, ಹೊಸಬರಿಗೆ 210 ರೂಪಾಯಿ.

ಹಂಚುವ ಮುನ್ನ ಸಾಲದ ಪುಟ ತೆಗೆಯಿರಿ. 5,000 ಸಾಲಕ್ಕೆ ತಿಂಗಳಿಗೆ ಶೇ 2ರಂತೆ ಮೊದಲ ಕಂತು 600 ಕಟ್ಟಿದರೆ ಅಸಲು 500, ಬಡ್ಡಿ 100. ಇವೆರಡೂ ಬೇರೆ ಬೇರೆ ಕಾಲಂನಲ್ಲಿರಬೇಕು. ‘ಕಂತು 600’ ಎಂದಷ್ಟೇ ಬರೆದ ಪುಸ್ತಕಗಳಲ್ಲಿ ಅಸಲೇ ಬಡ್ಡಿಯಾಗಿ ಹಂಚಿಹೋಗಿದ್ದನ್ನು ಕಂಡಿದ್ದೇನೆ.