ಸಂದರ್ಶನದ ಸಂಕೇತಪಟ್ಟಿಯನ್ನು ಪರಿಶೀಲಿಸುವ ಕ್ರಮ

ಸಂದರ್ಶನಗಳನ್ನಾಧರಿಸಿದ ಸಂಶೋಧನೆಯಲ್ಲಿ, ಜನರ ಮಾತುಗಳನ್ನು ವಿಂಗಡಿಸಲೆಂದು ವಿದ್ಯಾರ್ಥಿಗಳು ರಚಿಸಿಕೊಳ್ಳುವ ಸಂಕೇತಪಟ್ಟಿಯನ್ನು, ಅಂದರೆ ಕೋಡ್‌ಬುಕ್ಕನ್ನು, ಮರಳಿ ಪರೀಕ್ಷಿಸುವವರು ವಿರಳ. ಪರೀಕ್ಷಿಸಿದವರೂ ‘ಇಬ್ಬರಲ್ಲಿ ಶೇಕಡಾ 88ರಷ್ಟು ಸಹಮತವಿದೆ’ ಎಂದು ಬರೆದು ತೃಪ್ತರಾಗಿಬಿಡುತ್ತಾರೆ.

2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಡಿ ಬಸ್ಸಿನಲ್ಲಿ ಉಚಿತವಾಗಿ ಸಂಚರಿಸುವ ಸ್ತ್ರೀಯರನ್ನು ವಿದ್ಯಾರ್ಥಿನಿಯೊಬ್ಬಳು ಸಂದರ್ಶಿಸಿದಳೆಂದು ಭಾವಿಸೋಣ. ಆಕೆಯ ಪಟ್ಟಿಯಲ್ಲಿ ‘ಉಳಿತಾಯ’, ‘ಸ್ವಾತಂತ್ರ್ಯ’ ಎಂಬೆರಡು ಸಂಕೇತಗಳಿವೆ. ‘ಈಗ ತವರಿಗೆ ಹೋಗೋಕೆ ಯಜಮಾನ್ರ ಹತ್ರ ದುಡ್ಡು ಕೇಳಬೇಕಾಗಿಲ್ಲ’ ಎಂಬ ಮಾತು ಯಾವುದಕ್ಕೆ ಸೇರತಕ್ಕದ್ದು? ಇದು ನಿರ್ಧಾರವಾಗದಿದ್ದರೆ ಸೋಮವಾರ ಉಳಿತಾಯವಾದದ್ದು ಗುರುವಾರ ಸ್ವಾತಂತ್ರ್ಯವಾಗುತ್ತದೆ. ಆದುದರಿಂದ ಪ್ರತಿಯೊಂದು ಸಂಕೇತದ ಮುಂದೆಯೂ ಅದರ ಅರ್ಥ, ಒಳಗೊಳ್ಳುವುದು, ಒಳಗೊಳ್ಳದಿರುವುದು ಮತ್ತು ಸಂದರ್ಶನದಿಂದಲೇ ಆಯ್ದ ಒಂದು ನಿದರ್ಶನವನ್ನು ಬರೆದಿಡಬೇಕು. ಮಿಕ್ಕ ಹಣ ಬೇರೆಡೆ ವಿನಿಯೋಗವಾಯಿತೆಂದರೆ ಉಳಿತಾಯ; ಇನ್ನೊಬ್ಬರನ್ನು ಕೇಳುವ ಅಗತ್ಯ ತಪ್ಪಿತೆಂದರೆ, ದುಡ್ಡಿನ ಪ್ರಸ್ತಾಪವಿದ್ದರೂ, ಸ್ವಾತಂತ್ರ್ಯ. ಹೀಗೆ ಬರೆದ ಮೇಲೂ ಎರಡು ಸಂಕೇತಗಳು ಸದಾ ಒಂದೇ ಮಾತಿನ ಮೇಲೆ ಬೀಳುತ್ತಿದ್ದರೆ ಅವನ್ನು ಒಂದಾಗಿಸುವುದೇ ಲೇಸು.

ಅನಂತರ 50 ಉಕ್ತಿಗಳನ್ನು ಮತ್ತೊಬ್ಬರಿಗೆ ಕೊಟ್ಟು, ತನ್ನ ಗುರುತುಗಳನ್ನು ತೋರಿಸದೆ, ಪ್ರತ್ಯೇಕವಾಗಿ ಗುರುತಿಸಹೇಳಬೇಕು. ತಪ್ಪು ನಡೆಯುವುದು ಇಲ್ಲಿಯೇ. ‘ಸ್ವಾತಂತ್ರ್ಯ’ವೆಂದು ಇಬ್ಬರೂ ಗುರುತಿಸಿದ್ದು 2, ಅವಳೊಬ್ಬಳೇ ಗುರುತಿಸಿದ್ದು 3, ಇನ್ನೊಬ್ಬರು ಮಾತ್ರ ಗುರುತಿಸಿದ್ದು 3, ಇಬ್ಬರೂ ಬಿಟ್ಟದ್ದು 42 ಎಂದಿಟ್ಟುಕೊಳ್ಳಿ. ಸಹಮತವು 50ರಲ್ಲಿ 44, ಅಂದರೆ ಶೇಕಡಾ 88. ಆದರೆ ಈ 44ರಲ್ಲಿ 42 ಉಕ್ತಿಗಳು ಸಂಕೇತಕ್ಕೆ ಸಂಬಂಧವೇ ಇಲ್ಲದವು. ಒಬ್ಬರಾದರೂ ಗುರುತಿಸಿದ 8ರಲ್ಲಿ ಇಬ್ಬರೂ ಒಪ್ಪಿದ್ದು ಎರಡನ್ನು ಮಾತ್ರ! ಇಬ್ಬರೂ ಐದೈದನ್ನು ಗುರುತಿಸಿರುವುದರಿಂದ, ಕಣ್ಣುಮುಚ್ಚಿ ಗುರುತಿಸಿದ್ದರೂ ಶೇಕಡಾ 82ರಷ್ಟು ಸಹಮತ ಆಕಸ್ಮಿಕವಾಗಿಯೇ ಒದಗುತ್ತಿತ್ತು. ಜೇಕಬ್ ಕೊಹೆನ್ 1960ರಲ್ಲಿ ಸೂಚಿಸಿದ ಕಪ್ಪಾ ಎಂಬ ಮಾನವು ಈ ಆಕಸ್ಮಿಕವನ್ನು ಕಳೆಯುತ್ತದೆ: 88ರಿಂದ 82ನ್ನು ಕಳೆದ 6ನ್ನು, 100ರಿಂದ 82ನ್ನು ಕಳೆದ 18ರಿಂದ ಭಾಗಿಸಿದರೆ ಉಳಿಯುವುದು 0.33. ಪೂರ್ಣ ಸಹಮತಕ್ಕೆ ಅದು 1 ಆಗಬೇಕಾಗಿತ್ತು. ಪ್ರತಿ ಸಂಕೇತಕ್ಕೂ ಇದನ್ನು ಬೇರೆಬೇರೆಯಾಗಿ ಲೆಕ್ಕಹಾಕಬೇಕು. ಆದರೂ ಅಂಕಿಗಿಂತ ಮಿಗಿಲಾದದ್ದು ಆ 6 ವಿವಾದಿತ ಉಕ್ತಿಗಳೆಂಬುದೇ ನನ್ನ ಅಭಿಪ್ರಾಯ; ಇಬ್ಬರೂ ಎದುರುಬದುರು ಕುಳಿತು ಅವನ್ನೋದಿದರೆ ವ್ಯಾಖ್ಯೆಯಲ್ಲಿನ ಬಿರುಕು ತಾನಾಗಿ ಗೋಚರಿಸುತ್ತದೆ.

ಇನ್ನುಳಿದದ್ದು ಸಂಶೋಧಕರ ಪೂರ್ವಗ್ರಹ. ಗುರುತು ಹಾಕಿದ ಪ್ರತಿ ಉತ್ತರದ ಮೇಲಿರುವ ಪ್ರಶ್ನೆಯನ್ನೂ ಓದಿ: ‘ಸ್ವಾತಂತ್ರ್ಯ ಸಿಕ್ಕ ಹಾಗಾಯಿತೇ?’ ಎಂದು ಕೇಳಿ ಪಡೆದ ‘ಹೂಂ’ ಸಂದರ್ಶಕಿಯ ಮಾತೇ ಹೊರತು ಆ ಸ್ತ್ರೀಯದಲ್ಲ. ನಿಮ್ಮ ನಿರೀಕ್ಷೆಗೆ ವಿರುದ್ಧವಾದ ಮಾತುಗಳನ್ನು ಹುಡುಕಿ ಪ್ರತ್ಯೇಕವಾಗಿಡಿ. ವ್ಯಾಖ್ಯೆಯನ್ನು ತಿದ್ದಿದ ಮೇಲೆ ಮೊದಲ ಸಂದರ್ಶನದಿಂದ ಪುನಃ ಗುರುತಿಸುತ್ತ ಬನ್ನಿ. ತಿದ್ದಿದ ದಿನಾಂಕವನ್ನೂ ಕಾರಣವನ್ನೂ ಪಟ್ಟಿಯಲ್ಲಿಯೇ ನಮೂದಿಸಿ.