ಒಂದು ಬಟನ್, ಇಬ್ಬರ ಜಗಳ

ಒಂದು ಸಣ್ಣ ಪುಸ್ತಕದಂಗಡಿಗಾಗಿ ಆನ್‌ಲೈನ್ ಪಾವತಿಯ ಪುಟ ತಯಾರಾಗುತ್ತಿತ್ತು. ಪುಟ ಹೇಗಿರಬೇಕೆಂದು ರೂಪಿಸುವ ಡಿಸೈನರ್ ರುಖ್ಸಾನಾ, ಅದಕ್ಕೆ ಕೋಡ್ ಬರೆಯುವ ಡೆವಲಪರ್ ಮಹೇಶ್. ಹೆಸರು, ಮೊಬೈಲ್ ನಂಬರ್, ವಿಳಾಸ, ಪಿನ್‌ಕೋಡ್ ತುಂಬಿದ ಮೇಲೆ ‘ಹಣ ಪಾವತಿಸಿ’ ಎಂಬ ಬಟನ್. ಜಗಳ ಅದರದ್ದೇ.

“ಎಲ್ಲವನ್ನೂ ಸರಿಯಾಗಿ ತುಂಬುವ ತನಕ ಬಟನ್ ಬೂದು ಬಣ್ಣದಲ್ಲಿರಲಿ, ಒತ್ತಿದರೂ ನಡೆಯಬಾರದು. ಆಗ ತಪ್ಪು ಆರ್ಡರ್ ಬರುವುದೇ ಇಲ್ಲ” ಎಂದ ಮಹೇಶ್.

“ಯಾಕೆ ನಡೆಯುತ್ತಿಲ್ಲವೆಂದು ಗ್ರಾಹಕರಿಗೆ ಹೇಗೆ ತಿಳಿಯಬೇಕು? ಬಟನ್ ಮೊದಲಿನಿಂದಲೂ ಹಸಿರಾಗಿರಲಿ. ಒತ್ತಿದಾಗ ತಪ್ಪು ಎಲ್ಲಿದೆಯೆಂದು ತೋರಿಸೋಣ” ಎಂದಳು ರುಖ್ಸಾನಾ.

ಎರಡು ದಿನ ವಾದ ನಡೆಯಿತು. ಕೊನೆಗೆ ಮ್ಯಾನೇಜರ್ ಹೇಳಿದರು: “ನೀವಿಬ್ಬರೂ ಗ್ರಾಹಕರಲ್ಲ. ಗ್ರಾಹಕರ ಕೈಗೇ ಕೊಟ್ಟು ನೋಡಿ.”

ಎರಡು ಮಾದರಿ ಪುಟಗಳು ಸಿದ್ಧವಾದವು. ಪುಟವನ್ನು ಹಿಂದೆ ನೋಡಿರದ ಆರು ಜನರನ್ನು ಕರೆದರು. ಎರಡನೇ ಸಲ ಯಾರಿಗಾದರೂ ಕೆಲಸ ಸುಲಭವಾಗುತ್ತದೆ. ಆದ್ದರಿಂದ ಮೂವರಿಗೆ ಬೂದು ಬಟನ್ ಮೊದಲು, ಮೂವರಿಗೆ ಹಸಿರು ಬಟನ್ ಮೊದಲು ಕೊಟ್ಟರು. “ಈ ಪುಸ್ತಕ ಕೊಳ್ಳಿ, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಿರಿ” ಎಂದಷ್ಟೇ ಹೇಳಿದರು. ಇಬ್ಬರೂ ಸುಮ್ಮನೆ ಕುಳಿತು ಬರೆದುಕೊಳ್ಳಬೇಕು, ಸಹಾಯ ಮಾಡುವಂತಿಲ್ಲ.

ಒಬ್ಬ ಮಹಿಳೆ ಪಿನ್‌ಕೋಡ್‌ನಲ್ಲಿ 5 ಅಂಕಿ ಮಾತ್ರ ಬರೆದರು. ಬೂದು ಬಟನ್ ಅನ್ನು ಮೂರು ಸಲ ಒತ್ತಿ, “ನೆಟ್‌ವರ್ಕ್ ಇಲ್ಲವೇನೋ” ಎಂದು ಫೋನ್ ಕೆಳಗಿಟ್ಟರು. ಹೀಗೆ ಬೂದು ಬಟನ್ ಮುಂದೆ ನಾಲ್ವರು ನಿಂತುಬಿಟ್ಟರು. ಹಸಿರು ಬಟನ್ ಒತ್ತಿದ ಒಬ್ಬ ಹುಡುಗನಿಗೆ ಆ ಖಾನೆಯ ಕೆಳಗೇ “ಪಿನ್‌ಕೋಡ್‌ಗೆ 6 ಅಂಕಿ ಬೇಕು” ಎಂದು ಕಾಣಿಸಿತು. ತಕ್ಷಣ ತಿದ್ದಿಕೊಂಡ.

ರುಖ್ಸಾನಾ ನಕ್ಕಳು. ಆದರೆ ಪುಟ ನಿಧಾನವಾದಾಗ ಇಬ್ಬರು ಹಸಿರು ಬಟನ್ ಅನ್ನು ಮತ್ತೆ ಒತ್ತಿದ್ದರು. ಒಂದೇ ಪುಸ್ತಕಕ್ಕೆ ಎರಡು ಪಾವತಿ ಕೋರಿಕೆ ಹೋಗಿತ್ತು! ಅದು ನಿಜವಾದ ಹಣವಾಗಿದ್ದರೆ ಎರಡು ಸಲ ಕಡಿತವಾಗುತ್ತಿತ್ತು.

“ನೋಡಿದಿರಾ, ಬಟನ್ ಮುಚ್ಚಲೇಬೇಕು” ಎಂದ ಮಹೇಶ್.

“ಮುಚ್ಚೋಣ, ಆದರೆ ಒತ್ತಿದ ಮೇಲೆ” ಎಂದಳು ಅವಳು.

ಹಾಗೇ ತೀರ್ಮಾನವಾಯಿತು. ಬಟನ್ ಮೊದಲು ಹಸಿರು. ತಪ್ಪಿದ್ದರೆ ಆಯಾ ಖಾನೆಯ ಕೆಳಗೆ ಸೂಚನೆ. ಎಲ್ಲ ಸರಿಯಿದ್ದರೆ ಒಂದೇ ಒತ್ತಿಗೆ ಬಟನ್ ಬೂದಾಗಿ ‘ಪಾವತಿ ನಡೆಯುತ್ತಿದೆ’ ಎಂದು ತೋರಿಸುತ್ತದೆ. ಪಾವತಿ ವಿಫಲವಾದರೆ ಮತ್ತೆ ಹಸಿರಾಗುತ್ತದೆ. ಪುಟವನ್ನು ರಿಫ್ರೆಶ್ ಮಾಡಿ ಪುನಃ ಒತ್ತುವವರೂ ಇರುತ್ತಾರೆ. ಆದ್ದರಿಂದ ಒಂದು ಆರ್ಡರ್ ನಂಬರಿಗೆ ಎರಡನೇ ಪಾವತಿಯನ್ನು ಸರ್ವರ್ ಸ್ವೀಕರಿಸದಂತೆ ಮಹೇಶ್ ಕೋಡ್ ಬರೆದ.

ಆರು ಜನರ ಪರೀಕ್ಷೆಯಿಂದ ನೂರಕ್ಕೆ ಎಷ್ಟು ಗ್ರಾಹಕರು ಪುಟ ಬಿಟ್ಟುಹೋಗುತ್ತಾರೆಂದು ಹೇಳಲಾಗದು. ಅದಕ್ಕೆ ನೂರಾರು, ಸಾವಿರಾರು ಜನರ ಲೆಕ್ಕ ಬೇಕು. ಆದರೆ ಜನ ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ ಎಂಬುದು ತಿಳಿಯಿತು. ಇವರ ಜಗಳಕ್ಕೆ ಅಷ್ಟೇ ಸಾಕಾಗಿತ್ತು.