ಒಂದು ನಿಮಿಷದ ವಿಡಿಯೊ, ಮಾಮುವಿನ ಕರೆ ಪುಸ್ತಕ

ವ್ಯವಹಾರ ಅಧ್ಯಯನದ ಮಾರುಕಟ್ಟೆ ಅಧ್ಯಾಯದಲ್ಲಿ ನಾವು ಜಾಹೀರಾತು, ವೈಯಕ್ತಿಕ ಮಾರಾಟ ಇವನ್ನು ಓದುತ್ತೇವೆ. ಎರಡರಲ್ಲೂ ಮಾರುವವನೇ ಗಿರಾಕಿಯ ಹತ್ತಿರ ಹೋಗಬೇಕು. ಗಿರಾಕಿಯೇ ನಮ್ಮನ್ನು ಹುಡುಕಿಕೊಂಡು ಬರುವ ದಾರಿಯೂ ಇದೆ. ಅದನ್ನು ನಾನು ಶಿಡ್ಲಘಟ್ಟದ ಹತ್ತಿರದ ನನ್ನ ಮಾಮುವಿನ ಚಾಕಿ ಕೇಂದ್ರದಲ್ಲಿ ಕಣ್ಣಾರೆ ನೋಡಿದೆ.

ರೇಷ್ಮೆ ಹುಳು ಮೊಟ್ಟೆಯಿಂದ ಹೊರಬಂದು ಎರಡನೇ ಜ್ವರ ಮುಗಿಸುವ ತನಕ ತುಂಬ ಸೂಕ್ಷ್ಮ. ಆ ಮರಿಹುಳುಗಳನ್ನು ಬೆಚ್ಚಗೆ, ತೇವವಾಗಿ ಸಾಕಿ ರೈತರಿಗೆ ಮಾರುವ ಜಾಗವೇ ಚಾಕಿ ಕೇಂದ್ರ. ರೈತ ಅವನ್ನು ಸುಮಾರು ಹದಿನೇಳು, ಹದಿನೆಂಟು ದಿನ ಸಾಕಿ ಚಂದ್ರಿಕೆಗೆ ಹಾಕುತ್ತಾನೆ.

ಮಾಮು ಮೊದಲು ಮಾಡಿದ ವಿಡಿಯೊಗಳಲ್ಲಿ ಹಾಡು ಇತ್ತು, ಟ್ರೇಗಳಿದ್ದವು, “ನಮ್ಮಲ್ಲಿ ಒಳ್ಳೆಯ ಹುಳು ಸಿಗುತ್ತದೆ” ಎಂಬ ಮಾತಿತ್ತು. ನೋಡಿದವರು ಸಾವಿರಾರು ಜನ. ಮೂರು ತಿಂಗಳಲ್ಲಿ ಬಂದ ಕರೆ ಎರಡೇ. ನೋಡಿದವರಲ್ಲಿ ಹುಳು ಸಾಕುವವರು ಎಷ್ಟು ಜನ ಇದ್ದರೋ ಗೊತ್ತಾಗಲಿಲ್ಲ.

ಆಗ ನಮ್ಮ ಮೇಷ್ಟ್ರು “ಅಡಿಕೆ ಪತ್ರಿಕೆ”ಯ ವಿಷಯ ಹೇಳಿದರು. 1988ರಿಂದ ಪುತ್ತೂರಿನಿಂದ ಬರುತ್ತಿರುವ ಮಾಸಪತ್ರಿಕೆ ಅದು. ಶ್ರೀ ಪಡ್ರೆ ಅವರು ಅದನ್ನು ಬೆಳೆಸಿದವರು. ಅದರಲ್ಲಿ ರೈತರೇ ತಾವು ಮಾಡಿ ನೋಡಿದ್ದನ್ನು ಬರೆಯುತ್ತಾರೆ. ಓದಿದವರು ಬರೆದವರನ್ನೇ ಸಂಪರ್ಕಿಸಬಹುದು. “ನಿಮ್ಮ ಮಾಮು ಕೂಡ ಹುಳು ಹೊಗಳುವುದು ಬಿಟ್ಟು, ರೈತರು ಕೇಳುವ ಪ್ರಶ್ನೆಗೆ ಉತ್ತರ ಹೇಳಲಿ” ಎಂದರು.

ಮಾಮು ಹುಳು ಕೊಡುವಾಗ ರೈತರು ಕೇಳಿದ್ದನ್ನೆಲ್ಲ ನಾನು ಬರೆದಿಟ್ಟೆ. ಒಂದು ಪ್ರಶ್ನೆಗೆ ಒಂದು ವಿಡಿಯೊ, ಒಂದು ನಿಮಿಷ. ಮನೆಯಲ್ಲಿ ನಮ್ಮದು ಉರ್ದು, ವಿಡಿಯೊದಲ್ಲಿ ಕನ್ನಡ. ಚಿಂತಾಮಣಿ ಕಡೆಯವರಿಗೆ ಅದನ್ನೇ ತೆಲುಗಿನಲ್ಲೂ ಹೇಳಿದರು. ಉದಾಹರಣೆಗೆ ಒಂದರ ಹೆಸರು “ಜ್ವರ ಎದ್ದ ಹುಳಕ್ಕೆ ಮೊದಲ ಸೊಪ್ಪು ಯಾವಾಗ?” ಅದರಲ್ಲಿ ಮೂರೇ ಮಾತು. ಹೆಚ್ಚುಕಡಿಮೆ ಎಲ್ಲ ಹುಳು ಏಳುವ ತನಕ ಕಾಯಿರಿ. ಹಾಸಿಗೆ ಸೋಂಕುನಿವಾರಕ ಪುಡಿ ಉದುರಿಸಿ. ಅರ್ಧ ಗಂಟೆ ಬಿಟ್ಟು ಸೊಪ್ಪು ಕೊಡಿ. ಕೊನೆಯಲ್ಲಿ ಊರಿನ ಹೆಸರು ಮತ್ತು ಫೋನ್ ನಂಬರ್ ಮಾತ್ರ.

ತಕ್ಷಣ ಕರೆ ಬರಲಿಲ್ಲ. ಕಾರಣ ಆಮೇಲೆ ತಿಳಿಯಿತು. ವಿಡಿಯೊ ನೋಡುವಾಗ ರೈತನ ಮನೆಯಲ್ಲಿ ಬೇರೆ ಕೇಂದ್ರದ ಹುಳು ಇರುತ್ತದೆ. ಅವನು ಮೊದಲು ನಾವು ಹೇಳಿದ್ದನ್ನು ಮಾಡಿ ನೋಡುತ್ತಾನೆ. ಆ ಬೆಳೆ ಗೂಡು ಕಟ್ಟಿ ಮಾರಾಟ ಆದ ಮೇಲೆ, ಮುಂದಿನ ಬೆಳೆಗೆ ಹುಳು ಬೇಕಾದಾಗ ಫೋನ್ ಮಾಡುತ್ತಾನೆ. ಅಂದರೆ ನಂಬಿಕೆ ಹುಟ್ಟಲು ಕನಿಷ್ಠ ಒಂದು ಬೆಳೆಯಷ್ಟು ಕಾಲ ಬೇಕು. ವರ್ಷದಲ್ಲಿ ಹಲವು ಬೆಳೆ ಇರುವುದರಿಂದ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಹಳೆಯ ವಿಡಿಯೊ ಮತ್ತೆ ಕೆಲಸ ಮಾಡುತ್ತದೆ.

ನಂಬಿಕೆ ಕೆಡಲು ಅಷ್ಟು ದಿನ ಬೇಡ. ಒಮ್ಮೆ ಮಾಮು “ಜ್ವರಕ್ಕೆ ಸುಣ್ಣದ ಪುಡಿ ಉದುರಿಸಿ” ಎಂದಷ್ಟೇ ಹೇಳಿದ್ದರು. ಹಾಸಿಗೆ ಒಣಗಲೆಂದು ಅದನ್ನು ಹುಳುಗಳು ಜ್ವರಕ್ಕೆ ಕೂತ ಮೇಲೆ ಹಾಕಬೇಕು. ಒಬ್ಬ ರೈತರು ಅರ್ಧದಷ್ಟು ಹುಳು ಇನ್ನೂ ತಿನ್ನುತ್ತಿರುವಾಗಲೇ ಹಾಕಿಬಿಟ್ಟರು. ಹುಳು ಒಂದೇ ಸಮ ಬೆಳೆಯಲಿಲ್ಲ. ಅವರು ಫೋನ್ ಮಾಡಿ, “ಭಾಯ್, ನೀವು ಹೇಳಿದ್ದನ್ನೇ ಮಾಡಿದೆ” ಎಂದಾಗ ಮಾಮು ಊಟ ಬಿಟ್ಟು ಅವರ ಊರಿಗೆ ಹೋದರು. ಆ ವಿಡಿಯೊ ತೆಗೆದು, “ನಾನು ಪೂರ್ತಿ ಹೇಳಿರಲಿಲ್ಲ, ತಪ್ಪು ನನ್ನದು” ಎಂದು ಹೊಸದು ಮಾಡಿದರು. ಆ ರೈತರು ಈಗಲೂ ನಮ್ಮಲ್ಲೇ ಹುಳು ತೆಗೆದುಕೊಳ್ಳುತ್ತಾರೆ.

ಲಾಭ ಇದೆಯೋ ಇಲ್ಲವೋ ಎಂದು ತಿಳಿಯಲು ನಾನು ಒಂದು ಕರೆ ಪುಸ್ತಕ ಇಟ್ಟೆ. ಯಾವ ಊರು, ಎಷ್ಟು ಮೊಟ್ಟೆಯ ಹುಳು ಬೇಕು, ನಮ್ಮ ನಂಬರ್ ಹೇಗೆ ಸಿಕ್ಕಿತು, ಕೊನೆಗೆ ಕೊಂಡರೋ ಇಲ್ಲವೋ ಎಂಬ ನಾಲ್ಕು ಕಾಲಂ. ಒಂದು ತಿಂಗಳ ಪುಟದಲ್ಲಿ ವಿಡಿಯೊದಿಂದ ಬಂದ ಕರೆ 14. ಅದರಲ್ಲಿ 5 ತುಂಬ ದೂರದವು. ಮರಿಹುಳುಗಳನ್ನು ಬಿಸಿಲೇರುವ ಮೊದಲೇ ಮುಟ್ಟಿಸಬೇಕು, ಹಾಗಾಗಿ ಅವರಿಗೆ ಕೊಡಲು ಆಗಲಿಲ್ಲ. 5 ಕರೆ ರೋಗದ ಬಗ್ಗೆ ಕೇಳಲು ಮಾತ್ರ. ಉಳಿದ 4 ಜನ ಹುಳು ಕೊಂಡರು. ಆ ತಿಂಗಳು ಹೆಚ್ಚು ಜನ ನೋಡಿದ್ದು ಮಳೆಯಲ್ಲಿ ತೆಗೆದ ಹಿಪ್ಪುನೇರಳೆ ತೋಟದ ವಿಡಿಯೊ. ಅದರಿಂದ ಒಂದು ಕರೆಯೂ ಇಲ್ಲ.

ಈ ದಾರಿಗೂ ಮಿತಿ ಇದೆ. ಟ್ರೇಗಳು ಇರುವಷ್ಟೇ ಹುಳು ಸಾಕಲು ಸಾಧ್ಯ. ಕಳೆದ ತಿಂಗಳು ಮಾಮು ಇಬ್ಬರಿಗೆ ಹುಳು ಇಲ್ಲ ಎಂದು ಹೇಳಿ, ಅವರ ಊರಿಗೆ ಹತ್ತಿರದ ಇನ್ನೊಂದು ಕೇಂದ್ರದ ನಂಬರ್ ಕೊಟ್ಟರು. “ವ್ಯಾಪಾರ ಬಿಟ್ಟುಕೊಟ್ಟಿರಲ್ಲ ಮಾಮು?” ಎಂದೆ. “ಬರೆದುಕೋ, ಮುಂದಿನ ಬೆಳೆಗೆ ನೋಡೋಣ” ಎಂದರು. ಆ ಎರಡು ಸಾಲುಗಳ ನಾಲ್ಕನೇ ಕಾಲಂ ಇನ್ನೂ ಖಾಲಿ ಇದೆ.